ಸ್ಕ್ರೀನ್‌ಶಾಟ್‌ನಲ್ಲಿ ಕರಗುವ ಸೀರೆಯ ಅಂಚು

ಮನೆಯಲ್ಲೇ ಕೂತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸೀರೆ ಮಾರುವ ಹೆಣ್ಣುಮಕ್ಕಳು ನಮ್ಮ ಊರೂರಲ್ಲಿ ಇದ್ದಾರೆ. ಅವರಿಗೆ ಪದೇಪದೇ ಬೀಳುವ ಒಂದು ಕೆಲಸವಿದೆ. ನೇಕಾರರು ಒಂದೇ ಬಣ್ಣದ ಸೀರೆಯ ಫೋಟೋ ಕಳಿಸಿರುತ್ತಾರೆ, ಅದೇ ಸೀರೆಯನ್ನು ನೀಲಿಯಲ್ಲೂ ನೇಯ್ದುಕೊಡುತ್ತೇವೆ ಎನ್ನುತ್ತಾರೆ. ಗಿರಾಕಿ ಮಾತ್ರ ನೀಲಿಯದನ್ನು ಕಣ್ಣಿಂದ ನೋಡದೆ ಒಪ್ಪುವುದಿಲ್ಲ. ಆಗ ಆ ಫೋಟೋವನ್ನೇ ಎಡಿಟಿಂಗ್ ಆ್ಯಪ್‌ಗೆ ಹಾಕಿ ಬಣ್ಣ ಬದಲಿಸುತ್ತಾರೆ. ಒಡಲು ನೀಲಿಯಾಗುತ್ತದೆ, ಆದರೆ ಅಂಚಿನ ಗುಂಟ ಕೆಂಪು ಕಲೆ ಉಳಿಯುತ್ತದೆ, ನೆರಿಗೆಯ ನೆರಳಲ್ಲಿ ಚೌಕ ಚೌಕ ಮಚ್ಚೆ ಏಳುತ್ತವೆ, ಚೌಕಳಿಯ ಎಳೆಗಳು ಎಲ್ಲಿ ಹೋದವೋ ತಿಳಿಯುವುದಿಲ್ಲ. ಎಡಿಟ್ ಮಾಡಿದವರ ಕೈ ಸರಿಯಿಲ್ಲ ಎಂದುಕೊಳ್ಳುತ್ತೇವೆ. ಬಹಳ ಸಲ ತಪ್ಪು ಕೈಯದ್ದಲ್ಲ. ಆ ಚಿತ್ರ ಫೋನಿನಿಂದ ಫೋನಿಗೆ ಬಂದ ದಾರಿಯಲ್ಲೇ ಕೆಟ್ಟುಹೋಗಿರುತ್ತದೆ.

ಇಳಕಲ್ ಸೀರೆಯೊಂದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಒಡಲು ಕಡುಗೆಂಪು, ಅದರೊಳಗೆ ಹಸಿರು ಎಳೆಯ ಸಣ್ಣ ಚೌಕಳಿ, ಅಂಚು ಕಡುಹಸಿರು. ನೇಕಾರರು ಅದನ್ನು ಚಾಪೆಯ ಮೇಲೆ ಹರಡಿ ಫೋನನ್ನು ನೆಟ್ಟಗೆ ಹಿಡಿದು ಫೋಟೋ ತೆಗೆದರು. 12 ಮೆಗಾಪಿಕ್ಸೆಲ್‌ನ ಸಾಮಾನ್ಯ ಕ್ಯಾಮೆರಾದಲ್ಲಿ ಅದರ ಅಗಲ 3000 ಪಿಕ್ಸೆಲ್, ಎತ್ತರ 4000 ಪಿಕ್ಸೆಲ್. ಅಂದರೆ 1 ಕೋಟಿ 20 ಲಕ್ಷ ಚುಕ್ಕಿಗಳು. ಈ ಚಿತ್ರದಲ್ಲಿ ಚೌಕಳಿಯ ಒಂದು ಹಸಿರು ಎಳೆಯಿಂದ ಮುಂದಿನ ಎಳೆಗೆ 8 ಪಿಕ್ಸೆಲ್ ದೂರ ಇದೆ ಎನ್ನಿ.

ಫೋಟೋವನ್ನು ಎಲ್ಲರೂ ಕಳಿಸುವ ಹಾಗೆ ಕಳಿಸಿದಾಗ ವಾಟ್ಸ್ಆ್ಯಪ್ ಅದರ ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಫೋನು, ಸೆಟ್ಟಿಂಗ್ ನೋಡಿಕೊಂಡು ಈ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ನಮ್ಮ ಚಿತ್ರ 1200ಕ್ಕೆ 1600 ಆಯಿತು. ಎಳೆಗಳ ನಡುವಿನ ದೂರ 8 ಇದ್ದದ್ದು 3.2 ಪಿಕ್ಸೆಲ್‌ಗೆ ಬಂತು. ಗುಂಪಿನಲ್ಲಿ ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದರು. ಪರದೆಯ ಅಗಲ 1080 ಪಿಕ್ಸೆಲ್ ಇದ್ದರೆ ಚಿತ್ರವೂ ಅಷ್ಟಕ್ಕೇ ಕುಗ್ಗಿ 1080ಕ್ಕೆ 1440 ಆಗುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿ ಸ್ಕ್ರೀನ್‌ಶಾಟ್‌ನ ಎತ್ತರ 2400 ಇರುತ್ತದೆ. ಅದನ್ನು ಕತ್ತರಿಸದೆ ಹಾಗೇ ಮುಂದೆ ಕಳಿಸಿದರು. ಆ್ಯಪ್ ಮತ್ತೆ 2400 ಅನ್ನು 1600ಕ್ಕೆ ಇಳಿಸಿತು. ಕಪ್ಪು ಪಟ್ಟಿಯೊಳಗಿನ ಸೀರೆಗೆ ಕೊನೆಗೆ ಸಿಕ್ಕಿದ್ದು 720ಕ್ಕೆ 960, ಅಂದರೆ ಸುಮಾರು 7 ಲಕ್ಷ ಚುಕ್ಕಿ. ಎಳೆಗಳ ದೂರ ಈಗ 1.92 ಪಿಕ್ಸೆಲ್. ಒಂದು ಎಳೆ, ಅದರ ಪಕ್ಕದ ಖಾಲಿ ಜಾಗ, ಇವೆರಡನ್ನೂ ತೋರಿಸಲು ಕಡಿಮೆಯೆಂದರೂ ಎರಡು ಪಿಕ್ಸೆಲ್ ಬೇಕು. ಅದಕ್ಕಿಂತ ಕೆಳಗೆ ಇಳಿದ ಮೇಲೆ ಚೌಕಳಿ ಒಂದೋ ಸಪಾಟಾಗಿ ಕಲಸಿಹೋಗುತ್ತದೆ, ಇಲ್ಲವೇ ಸೀರೆಯಲ್ಲಿ ಇಲ್ಲದ ಅಲೆಯಂಥ ಅಗಲ ಪಟ್ಟೆಗಳಾಗಿ ಕಾಣುತ್ತದೆ. ಯಾವ ಆ್ಯಪ್ ಕೂಡ ಅದನ್ನು ಈ ಫೈಲಿನಿಂದ ಹೊರತೆಗೆಯಲಾರದು, ಏಕೆಂದರೆ ಅದು ಫೈಲಿನಲ್ಲಿ ಇಲ್ಲವೇ ಇಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಫಾರ್ವರ್ಡ್ ಮಾಡಿದಷ್ಟೂ ಫೋಟೋ ಕೆಡುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಆ್ಯಪ್‌ನೊಳಗೇ ನೇರವಾಗಿ ಫಾರ್ವರ್ಡ್ ಮಾಡಿದರೆ ಅದೇ ಫೈಲು ಮುಂದಕ್ಕೆ ಹೋಗುತ್ತದೆ, ಹೊಸ ಹಾನಿ ಆಗುವುದಿಲ್ಲ. ಗ್ಯಾಲರಿಗೆ ಇಳಿಸಿಕೊಂಡು ಮತ್ತೆ ಹೊಸದಾಗಿ ಹಾಕಿದಾಗ, ಸ್ಟೇಟಸ್‌ಗೆ ಏರಿಸಿದಾಗ, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದಾಗ ಚಿತ್ರ ಇನ್ನೊಮ್ಮೆ ಹಿಂಡಿಸಿಕೊಳ್ಳುತ್ತದೆ.

ಅಳತೆ ಕುಗ್ಗುವುದು ಅರ್ಧ ಕಥೆ. ಬಟ್ಟೆಯ ಎಡಿಟಿಂಗ್‌ಗೆ ಹೆಚ್ಚು ಪೆಟ್ಟು ಕೊಡುವುದು ಬಣ್ಣದ ಲೆಕ್ಕ. ಫೋಟೋಗಳನ್ನು ಚಿಕ್ಕದಾಗಿಸುವ ಜೆಪೆಗ್ ಪದ್ಧತಿ 1992ರಷ್ಟು ಹಳೆಯದು. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಚುರುಕಾಗಿ ಗುರುತಿಸುತ್ತದೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಗುರುತಿಸುವುದಿಲ್ಲ. ಈ ಗುಣವನ್ನೇ ಅದು ಬಳಸಿಕೊಳ್ಳುತ್ತದೆ. ಚಿತ್ರವನ್ನು ಬೆಳಕಿನ ಪದರ, ಬಣ್ಣದ ಪದರ ಎಂದು ಬೇರೆ ಮಾಡಿ, ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಳ್ಳುತ್ತದೆ. ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಎಂದು ಸರಾಸರಿ ಮಾಡುತ್ತದೆ. ಹಾಗಾಗಿ ನಮ್ಮ 720ಕ್ಕೆ 960ರ ಸೀರೆಯಲ್ಲಿ ಬಣ್ಣಕ್ಕೆ ಇರುವ ಜಾಗ 360ಕ್ಕೆ 480 ಅಷ್ಟೇ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಮೊದಲ ಸಲ ಕಳಿಸಿದಾಗಲೇ ಬಣ್ಣದ ಪದರದಲ್ಲಿ ಎಳೆಗಳ ದೂರ 1.6ಕ್ಕೆ ಇಳಿದಿತ್ತು. ಹಸಿರು ಎಳೆಯ ಹಸಿರು ಅಲ್ಲಿಯೇ ಕೆಂಪಿನೊಳಗೆ ಕಲೆತು ಕಂದಾಗಿತ್ತು. ಕಣ್ಣಿಗೆ ಕಾಣುತ್ತಿದ್ದ ಚೌಕಳಿ ಬರೀ ಬೆಳಕಿನ ಗೆರೆ. ಕ್ಯಾಮೆರಾದ ಮೂಲ ಫೋಟೋದಲ್ಲೂ ಬಹುತೇಕ ಇದೇ ಸರಾಸರಿ ಇರುತ್ತದೆ. ಅಲ್ಲಿ ಪಿಕ್ಸೆಲ್ ಧಾರಾಳವಾಗಿರುವುದರಿಂದ ತೊಂದರೆ ಕಾಣುವುದಿಲ್ಲ.

ಕಡುಗೆಂಪು ಒಡಲು, ಕಡುಹಸಿರು ಅಂಚು ಸೇರುವ ಗೆರೆಯಲ್ಲಂತೂ ಇದು ಎದ್ದು ಕಾಣುತ್ತದೆ. ಎರಡರ ಕಪ್ಪುಛಾಯೆ ಹೆಚ್ಚುಕಡಿಮೆ ಒಂದೇ, ಬೇರೆಯಾಗಿರುವುದು ಬಣ್ಣ ಮಾತ್ರ. ಬೆಳಕಿನ ಪದರಕ್ಕೆ ಅಲ್ಲಿ ಗೆರೆಯೇ ಕಾಣುವುದಿಲ್ಲ, ಬಣ್ಣದ ಪದರ ಒರಟು. ಬಣ್ಣ ಬಿಡುವ ಸೀರೆಯನ್ನು ಒಗೆದಾಗ ಅಂಚಿನ ಬಣ್ಣ ಒಡಲಿಗೆ ಹತ್ತಿಕೊಂಡ ಹಾಗೆ, ನಾಲ್ಕಾರು ಪಿಕ್ಸೆಲ್ ಅಗಲದ ಮಬ್ಬು ಪಟ್ಟಿಯೊಂದು ಉಳಿಯುತ್ತದೆ. ಎಡಿಟಿಂಗ್ ಆ್ಯಪ್‌ನಲ್ಲಿ ಕೆಂಪನ್ನು ಆರಿಸಿ ನೀಲಿ ಮಾಡಿದರೆ ಈ ಪಟ್ಟಿ ಆಯ್ಕೆಯೊಳಗೆ ಬರುವುದಿಲ್ಲ, ಏಕೆಂದರೆ ಅದು ಪೂರ್ತಿ ಕೆಂಪೂ ಅಲ್ಲ, ಪೂರ್ತಿ ಹಸಿರೂ ಅಲ್ಲ. ನೀಲಿ ಸೀರೆಯ ಅಂಚಿನಲ್ಲಿ ಉಳಿಯುವ ಕೆಂಪು ಕಲೆ ಇದೇ.

ನೆರಿಗೆಯ ಮಚ್ಚೆಗಳ ಮೂಲವೂ ಹತ್ತಿರದ್ದೇ. ಜೆಪೆಗ್ ಪ್ರತಿ ಪದರವನ್ನೂ ಎಂಟಕ್ಕೆ ಎಂಟರ ಚೌಕಗಳಾಗಿ ಒಡೆದು, ಒಂದೊಂದು ಚೌಕದಲ್ಲೂ ಸಣ್ಣ ಏರಿಳಿತಗಳನ್ನು ಕೈಬಿಡುತ್ತದೆ. ಬಣ್ಣದ ಪದರ ಮೊದಲೇ ಅರ್ಧ ಅಳತೆಯದು, ಆದ್ದರಿಂದ ಬಣ್ಣದ ಒಂದು ಚೌಕ ಚಿತ್ರದ ಮೇಲೆ 16ಕ್ಕೆ 16 ಪಿಕ್ಸೆಲ್ ಆವರಿಸುತ್ತದೆ. ನೆರಳಿರುವ ನೆರಿಗೆಯಲ್ಲಿ ಒಂದಿಡೀ ಚೌಕಕ್ಕೆ ಒಂದೇ ಬಣ್ಣ ಸಿಗುವುದುಂಟು. ಕತ್ತಲ ಕೆಂಪಿನಲ್ಲಿ ಅದು ಅಡಗಿರುತ್ತದೆ, ಬಣ್ಣ ತಿರುಗಿಸಿ ಬೆಳಕು ಏರಿಸಿದ ಕೂಡಲೇ ಹೊರಬೀಳುತ್ತದೆ. ಸ್ಕ್ರೀನ್‌ಶಾಟ್ ಇನ್ನೊಂದು ಹಾನಿ ಮಾಡುತ್ತದೆ. ಚಿತ್ರ ಕುಗ್ಗಿ ಜಾಗ ಬದಲಿಸುವುದರಿಂದ ಮುಂದಿನ ಸಲದ ಚೌಕಗಳು ಹಳೆಯ ಚೌಕಗಳ ಮೇಲೆ ಸರಿಯಾಗಿ ಕೂರುವುದಿಲ್ಲ, ಹಳೆಯ ಚೌಕದ ಅಂಚನ್ನೇ ಬಟ್ಟೆಯ ವಿವರವೆಂದು ತಿಳಿದು ಉಳಿಸಿಕೊಳ್ಳುತ್ತವೆ.

ಹಾಗಾದರೆ ಎಡಿಟಿಂಗ್‌ಗೆ ಕೂರುವ ಮುನ್ನ ಕೈಯಲ್ಲಿರುವ ಫೈಲು ಯಾವುದು ಎಂದು ನೋಡಬೇಕು. ಹೆಸರೇ ಬಹಳಷ್ಟು ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್‌ನಿಂದ ಇಳಿದ ಫೋಟೋ `IMG-20240312-WA0005.jpg` ಎಂಬ ಮಾದರಿಯಲ್ಲಿರುತ್ತದೆ. ನಡುವಿನ `WA` ಗುರುತು. ಸ್ಕ್ರೀನ್‌ಶಾಟ್ ಬಹುತೇಕ `Screenshot` ಎಂದೇ ಶುರುವಾಗುತ್ತದೆ. ಗ್ಯಾಲರಿಯಲ್ಲಿ ವಿವರ ತೆರೆದರೆ ಅಳತೆ ಕಾಣುತ್ತದೆ. ಮೂಲ ಫೋಟೋವಾದರೆ ಜೊತೆಗೆ ಯಾವ ಫೋನಿನಿಂದ ತೆಗೆದದ್ದು ಎಂಬುದೂ ಇರುತ್ತದೆ, ಆ್ಯಪ್ ಮೂಲಕ ಬಂದದ್ದಕ್ಕೆ ಅದು ಅಳಿಸಿಹೋಗಿರುತ್ತದೆ. ಫೈಲಿನ ತೂಕವನ್ನು ಮಾತ್ರ ನಂಬಬೇಡಿ. ಕೆಲವು ಫೋನುಗಳು ಸ್ಕ್ರೀನ್‌ಶಾಟನ್ನು ಪಿಎನ್‌ಜಿ ಆಗಿ ಉಳಿಸುತ್ತವೆ, ಅದು ಎರಡು ಮೂರು ಎಂಬಿ ತೂಗಿದರೂ ಒಳಗಿರುವುದು ಹಿಂಡಿದ ಚಿತ್ರವೇ. ಕೊನೆಗೆ ಅಂಚನ್ನು ದೊಡ್ಡದು ಮಾಡಿ ನೋಡಿ. ಎರಡು ಬಣ್ಣ ಸೇರುವಲ್ಲಿ ಕಂದು ಮಬ್ಬು, ನೆರಿಗೆಯಲ್ಲಿ ಚೌಕಗಳು ಕಂಡರೆ ಆ ಫೈಲಿನಲ್ಲಿ ಬಣ್ಣ ಬದಲಿಸುವ ಕೆಲಸಕ್ಕೆ ಹೋಗದಿರುವುದೇ ಒಳ್ಳೆಯದು.

ಮೂಲ ಫೋಟೋ ತರಿಸುವುದು ಕಷ್ಟವಲ್ಲ, ಕೇಳಬೇಕಾದವರನ್ನು ಕೇಳಬೇಕು. ಗುಂಪಿಗೆ ಹಾಕಿದವರ ಬಳಿ ಮೂಲ ಇರುವುದಿಲ್ಲ, ತೆಗೆದವರ ಫೋನಿನಲ್ಲಿ ಇರುತ್ತದೆ. "ಅಣ್ಣಾರ, ಆ ಸೀರಿ ಫೋಟೋ ಡಾಕ್ಯುಮೆಂಟ್ ಮಾಡಿ ಕಳಸ್ರಿ, ಗ್ಯಾಲರಿಯಿಂದ ನೇರ ಹಾಕಬ್ಯಾಡ್ರಿ" ಎಂದರೆ ಸಾಕು. ಪಿನ್ ಗುರುತು ಒತ್ತಿದಾಗ ಬರುವ ಪಟ್ಟಿಯಲ್ಲೇ ಡಾಕ್ಯುಮೆಂಟ್ ಇದೆ. ಅದರ ಮೂಲಕ ಕಳಿಸಿದರೆ ಆ್ಯಪ್ ಫೋಟೋವನ್ನು ಮುಟ್ಟುವುದಿಲ್ಲ, ಅಳತೆ, ಹೆಸರು ಎಲ್ಲವೂ ಹಾಗೇ ಬರುತ್ತವೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಮಾಮೂಲಿಗಿಂತ ಮೇಲು. ಅದರಲ್ಲೂ ಹಿಂಡುವಿಕೆ ಇದ್ದೇ ಇದೆ, ನೋಡುವುದಕ್ಕೆ ಸಾಕು, ಬಣ್ಣ ಬದಲಿಸುವುದಕ್ಕೆ ಡಾಕ್ಯುಮೆಂಟೇ ಬೇಕು.

ಮೂಲ ಅಳಿಸಿಹೋಗಿದೆ, ಸೀರೆ ಇನ್ನೂ ಮಗ್ಗದ ಮನೆಯಲ್ಲಿದೆ ಎಂದಾದರೆ ಮತ್ತೆ ಫೋಟೋ ತೆಗೆಸಿ. ಕೆಟ್ಟ ಫೈಲಿನ ಜೊತೆ ಅರ್ಧ ದಿನ ಗುದ್ದಾಡುವುದಕ್ಕಿಂತ ಇದು ಸುಲಭ. ಬಾಗಿಲ ಬಳಿಯ ಹಗಲು ಬೆಳಕಿರಲಿ, ನೇರ ಬಿಸಿಲು ಬೇಡ. ಜೂಮ್ ಮಾಡದೆ ಹತ್ತಿರ ಹೋಗಿ, ಪಕ್ಕದಲ್ಲಿ ಬಿಳಿ ಕಾಗದದ ಹಾಳೆ ಇಟ್ಟರೆ ಬಣ್ಣ ಸರಿಮಾಡಲು ಆಧಾರವಾಗುತ್ತದೆ. ಅಂಚು ಮತ್ತು ಸೆರಗಿನದು ಬೇರೆಯಾಗಿ ಒಂದೊಂದು ಇರಲಿ.

ಮೂಲವೂ ಇಲ್ಲ, ಸೀರೆಯೂ ಮಾರಿಹೋಗಿದೆ ಎಂಬ ಸಂದರ್ಭ ಉಳಿಯಿತು. ಆಗ ಮಾಡಬಹುದಾದದ್ದಕ್ಕೆ ಮಿತಿ ಇದೆ. ಮೊದಲು ಕಪ್ಪು ಪಟ್ಟಿ ಕತ್ತರಿಸಿ, ಫೈಲನ್ನು ಪಿಎನ್‌ಜಿ ಆಗಿ ಉಳಿಸಿ. ಪ್ರತಿ ಸಲ ಜೆಪೆಗ್ ಆಗಿ ಉಳಿಸಿದರೆ ಪ್ರತಿ ಸಲವೂ ಹಿಂಡುತ್ತದೆ. ಶಾರ್ಪ್ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಮಾಡಿದರೆ ಚೌಕಗಳ ಅಂಚೇ ಹರಿತವಾಗುತ್ತದೆ. ಬಣ್ಣದ ನಾಯ್ಸ್ ಮಾತ್ರ ತುಸು ತಗ್ಗಿಸಿ, ಬೆಳಕಿನದನ್ನು ಮುಟ್ಟಬೇಡಿ, ಬಟ್ಟೆಯ ಉಳಿದ ವಿವರವೆಲ್ಲ ಅಲ್ಲೇ ಇರುವುದು. ಒಡಲನ್ನು ಬಣ್ಣ ನೋಡಿ ತಾನೇ ಆರಿಸುವ ಸಾಧನಕ್ಕೆ ಬಿಡದೆ ಅಂಚಿನ ಗುಂಟ ಬೆರಳಿನಿಂದಲೇ ಗೆರೆ ಎಳೆದು ಆರಿಸಿ. ಆಮೇಲೆ ಹೊಸ ಬಣ್ಣವನ್ನು, ಬೆಳಕನ್ನು ಬದಲಿಸದೆ ಬಣ್ಣವನ್ನಷ್ಟೇ ಹಚ್ಚುವ ಕಲರ್ ಬ್ಲೆಂಡ್‌ನಲ್ಲಿ ತುಂಬಿ, ಮಬ್ಬು ಪಟ್ಟಿಯ ಅರ್ಧಕ್ಕೆ ಒಡಲಿನ ಬಣ್ಣ, ಇನ್ನರ್ಧಕ್ಕೆ ಅಂಚಿನ ಬಣ್ಣ ಕೈಯಿಂದ ಹಚ್ಚಿ. ಕಡುಗೆಂಪಿನಿಂದ ಕಡುನೀಲಿಗೆ, ಬಾಟಲಿ ಹಸಿರಿಗೆ ಹೋಗಬಹುದು. ನಿಂಬೆ ಹಳದಿಗೆ ಹೋಗಲು ಕತ್ತಲನ್ನು ಬಹಳ ಎತ್ತಬೇಕು, ಇಂಥ ಫೈಲು ಅದನ್ನು ತಾಳುವುದಿಲ್ಲ.

ಮಸುಕು ಚಿತ್ರವನ್ನು ಒಂದೇ ಒತ್ತಿಗೆ ಸ್ಪಷ್ಟಗೊಳಿಸುವ ಆ್ಯಪ್‌ಗಳಿಂದ ಈ ಕೆಲಸದಲ್ಲಿ ದೂರವಿರಬೇಕು ಎಂಬುದು ನನ್ನ ಅಭಿಪ್ರಾಯ. ಅವು ಕಳೆದುಹೋದ ಚೌಕಳಿಯನ್ನು ಮರಳಿ ತರುವುದಿಲ್ಲ, ತಮಗೆ ಹೊಳೆದ ಚೌಕಳಿ ಬಿಡಿಸುತ್ತವೆ. ಕಸೂತಿಯ ಗೋಪುರ ಇನ್ನಾವುದೋ ಬಳ್ಳಿಯಾಗಿ ಬರಬಹುದು. ಗಿರಾಕಿ ನೋಡಿ ದುಡ್ಡು ಕೊಡುವುದು ಯಾರೂ ನೇಯದ ಸೀರೆಗೆ.

ಎಲ್ಲ ಮುಗಿದ ಮೇಲೆ ಗಿರಾಕಿಗೆ ಕಳಿಸುವ ಪ್ರತಿಯನ್ನು ನೀವೇ 1600 ಪಿಕ್ಸೆಲ್‌ಗೆ ಇಳಿಸಿ, ಆಗ ಅದು ಹೇಗೆ ಕಾಣುತ್ತದೆಂದು ಮೊದಲೇ ತಿಳಿಯುತ್ತದೆ. ದೊಡ್ಡ ಪಿಎನ್‌ಜಿ ನಿಮ್ಮ ಬಳಿಯೇ ಇರಲಿ. "ಈ ನೀಲಿ ಎಡಿಟ್ ಮಾಡಿದ್ದು, ನೇಯ್ದ ಸೀರೆಯಲ್ಲಿ ಛಾಯೆ ಬೇರೆಯಾಗಬಹುದು" ಎಂದು ಫೋಟೋದ ಕೆಳಗೇ ಬರೆಯಿರಿ, ನೇಕಾರರಿಂದ ಆ ನೀಲಿ ನೂಲಿನ ಒಂದು ಫೋಟೋ ತರಿಸಿ ಅದರ ಜೊತೆಗೆ ಇಡಿ.