ಸ್ಟೋಮಾ ಬ್ಯಾಗಿನ ಹಾಳೆ ಕನ್ನಡದಲ್ಲಿ ಹೇಗಿರಬೇಕು

ಗುದನಾಳದ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ಹಲವರು ಮನೆಗೆ ಹೊರಡುವಾಗ ಹೊಟ್ಟೆಯ ಮೇಲೆ ಒಂದು ಬ್ಯಾಗ್ ಇರುತ್ತದೆ. ಒಳಗೆ ಕರುಳಿಗೆ ಹಾಕಿದ ಹೊಲಿಗೆ ಮಾಯುವವರೆಗೆ ಮಲ ಆ ದಾರಿಯಲ್ಲಿ ಹಾಯಬಾರದು. ಅದಕ್ಕಾಗಿ ಸರ್ಜನ್ ಸಣ್ಣಕರುಳಿನ ಕೊನೆಯ ಭಾಗವನ್ನು ಸಾಮಾನ್ಯವಾಗಿ ಹೊಟ್ಟೆಯ ಬಲಗಡೆ ಹೊರಗೆ ತಂದು ಚರ್ಮಕ್ಕೆ ಸೇರಿಸಿ ಹೊಲಿಯುತ್ತಾರೆ. ಹೀಗೆ ಮಾಡುವುದಕ್ಕೆ ಇಲಿಯಾಸ್ಟಮಿ ಎನ್ನುತ್ತಾರೆ. ಹೊರಗೆ ಕಾಣುವ ಕರುಳಿನ ಬಾಯಿ ಸ್ಟೋಮಾ. ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ಅದನ್ನು ಒಳಗೆ ಸೇರಿಸುವುದುಂಟು. ಅಲ್ಲಿಯವರೆಗಿನ ಆರೈಕೆಯೆಲ್ಲ ಮನೆಯವರ ಕೈಯಲ್ಲಿ. ಅವರಿಗೆ ಆಧಾರ ಎಂದರೆ ಡಿಸ್ಚಾರ್ಜ್ ದಿನ ಸಿಸ್ಟರ್ ಹೇಳಿಕೊಡುವ ಪಾಠ ಮತ್ತು ಜೊತೆಗೆ ಕೊಡುವ ಒಂದು ಹಾಳೆ.

ಆ ಹಾಳೆ ಬಹಳ ಸಲ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದಾಗಿರುತ್ತದೆ. ವಾಕ್ಯ ವಾಕ್ಯವನ್ನೂ ಮೂಲದ ಜೊತೆ ಇಟ್ಟು ನೋಡಿದರೆ ತಪ್ಪು ಸಿಗುವುದಿಲ್ಲ. ಆದರೆ ಅದನ್ನು ಓದಿದ ಸೊಸೆಯೋ ಮಗನೋ ಕೈಯಿಂದ ಏನು ಮಾಡುತ್ತಾರೆ ಎಂದು ನಿಂತು ನೋಡಿದರೆ ತಪ್ಪು ಕಾಣುತ್ತದೆ. ಇಂಥ ಹಾಳೆಗಳನ್ನು ಕನ್ನಡಕ್ಕೆ ತರುವವರು ನೋಡಬೇಕಾದದ್ದು ಆ ಕೈಯನ್ನೇ ಎಂದು ನಾನು ಹೇಳುತ್ತೇನೆ.

ಮೊದಲು 'ತೆಗೆಯಿರಿ' ಎಂಬ ಮಾತು. ನಮ್ಮಲ್ಲಿ ಬಾಗಿಲು ತೆಗೆಯುವುದೂ ಉಂಟು, ಚಪ್ಪಲಿ ತೆಗೆಯುವುದೂ ಉಂಟು. ಇಲಿಯಾಸ್ಟಮಿ ಬ್ಯಾಗಿಗೆ ಎರಡು ಕೆಲಸಗಳಿವೆ. ತಳದ ಬಾಯಿಯ ಕ್ಲಿಪ್ ಬಿಚ್ಚಿ, ಒಳಗಿರುವುದನ್ನು ಕಕ್ಕಸಿಗೆ ಸುರಿದು, ಬಾಯಿ ಒರೆಸಿ ಮತ್ತೆ ಮುಚ್ಚುವುದು ಒಂದು. ಇದನ್ನು ದಿನಕ್ಕೆ ಐದಾರು ಸಲ ಮಾಡಬೇಕಾಗಬಹುದು. ಚರ್ಮಕ್ಕೆ ಅಂಟಿರುವ ಪ್ಲೇಟನ್ನೇ ಬಿಡಿಸಿ ಹೊಸದು ಹಾಕುವುದು ಇನ್ನೊಂದು. ಪ್ಲೇಟ್ ಮತ್ತು ಬ್ಯಾಗ್ ಬೇರೆ ಬೇರೆಯಾಗಿರುವ ಬಗೆಯದಾದರೆ ಇದು ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕು. 'ಬ್ಯಾಗ್ ಅರ್ಧ ತುಂಬುವ ಮೊದಲೇ ತೆಗೆಯಿರಿ' ಎಂದು ಬರೆದರೆ ಕೆಲವರು ದಿನಕ್ಕೆ ಎರಡು ಮೂರು ಸಲ ಪ್ಲೇಟನ್ನೇ ಕಿತ್ತುಬಿಡುತ್ತಾರೆ. ಪ್ರತಿ ಸಲವೂ ಅಂಟಿನ ಜೊತೆ ಚರ್ಮದ ಮೇಲ್ಪದರವೂ ಎದ್ದುಬರುತ್ತದೆ, ಹಸಿಯಾದ ಚರ್ಮಕ್ಕೆ ಮುಂದಿನ ಪ್ಲೇಟ್ ಹಿಡಿಯುವುದಿಲ್ಲ, ತಿಂಗಳಿಗೆಂದು ತಂದ ಪ್ಲೇಟು ವಾರದಲ್ಲಿ ಖಾಲಿ. ಆದ್ದರಿಂದ ಹಾಳೆಯಲ್ಲಿ 'ತೆಗೆ' ಎಂಬುದೇ ಬೇಡ. ಬ್ಯಾಗನ್ನು 'ಸುರಿದು ಖಾಲಿ ಮಾಡಿ', ಪ್ಲೇಟನ್ನು 'ಬದಲಾಯಿಸಿ' ಎಂದು ಎರಡು ಮಾತನ್ನು ಕೊನೆಯವರೆಗೂ ಬೇರೆಯಾಗಿಯೇ ಉಳಿಸಬೇಕು, ಎರಡಕ್ಕೂ ಬೇರೆ ಬೇರೆ ಚಿತ್ರ ಕೊಡಬೇಕು.

ಸ್ಟೋಮಾವನ್ನು 'ಗಾಯ' ಎಂದು ಬರೆಯುವುದೂ ಇಷ್ಟೇ ಅಪಾಯ. ಗಾಯ ಎಂದರೆ ಮನೆಯಲ್ಲಿ ಅರಿಶಿನ ಬರುತ್ತದೆ, ಕೊಬ್ಬರಿ ಎಣ್ಣೆ ಬರುತ್ತದೆ, ಡೆಟಾಲ್ ಬರುತ್ತದೆ. ಎಣ್ಣೆ ಸೋಕಿದ ಚರ್ಮಕ್ಕೆ ಪ್ಲೇಟ್ ಅಂಟುವುದಿಲ್ಲ. ಸ್ಟೋಮಾ ಕೆಂಪಗೆ ತೇವವಾಗಿರುವುದು ಅದರ ಆರೋಗ್ಯದ ಲಕ್ಷಣ, ಕೆನ್ನೆಯ ಒಳಭಾಗ ಇರುವ ಹಾಗೆ. ಮುಟ್ಟಿದರೆ ನೋಯುವುದಿಲ್ಲ, ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಅದು ನೇರಳೆಗೋ ಕಪ್ಪಿಗೋ ತಿರುಗಿದರೆ ಮಾತ್ರ ರಕ್ತ ಓಡುತ್ತಿಲ್ಲವೆಂದು ತಿಳಿದು ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು. ಇದಿಷ್ಟನ್ನು ಹೇಳಿದರೆ ಸಾಕು. ಹೆಸರು ಸ್ಟೋಮಾ ಎಂದೇ ಇರಲಿ. ಸಿಸ್ಟರ್ ಬಾಯಲ್ಲಿ ವಾರ್ಡಿನಲ್ಲಿ ದಿನವೂ ಕೇಳಿರುವ ಮಾತದು. 'ಪೌಡರ್ ಹಚ್ಚಿ' ಎಂದಷ್ಟೇ ಬರೆದರೆ ಮುಖಕ್ಕೆ ಹಚ್ಚುವ ಪೌಡರ್ ಹಾಕುವವರಿದ್ದಾರೆ. 'ಆಸ್ಪತ್ರೆಯಲ್ಲಿ ಕೊಟ್ಟ ಸ್ಟೋಮಾ ಪೌಡರ್' ಎಂದು ಪೂರ್ತಿ ಬರೆಯಬೇಕು.

ಇನ್ನು ಕತ್ತರಿ ಹಿಡಿಯುವ ಕೆಲಸ. ಪ್ಲೇಟಿನ ನಡುವೆ ಒಂದು ಸಣ್ಣ ತೂತು, ಅದರ ಸುತ್ತ ಮಿಲಿಮೀಟರ್ ಲೆಕ್ಕದ ವೃತ್ತಗಳು ಅಚ್ಚಾಗಿರುತ್ತವೆ. ಸ್ಟೋಮಾವನ್ನು ಅಳೆದು ಅದಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ತೂತು ಕತ್ತರಿಸಬೇಕು. ಸ್ಟೋಮಾ 28 ಇದ್ದರೆ ತೂತು 30 ಅಥವಾ 31. ತೂತು ಚಿಕ್ಕದಾದರೆ ಅಂಚು ಕರುಳನ್ನು ಒತ್ತಿ ಕೊಯ್ಯುತ್ತದೆ. ದೊಡ್ಡದಾದರೆ ಸುತ್ತಲಿನ ಚರ್ಮ ಬರಿದಾಗಿ ಉಳಿಯುತ್ತದೆ. ಸಣ್ಣಕರುಳಿನಿಂದ ಬರುವ ನೀರಿನಲ್ಲಿ ಊಟವನ್ನು ಜೀರ್ಣಿಸುವ ರಸಗಳಿರುವುದರಿಂದ ಆ ಬರಿ ಚರ್ಮ ಕೆಲವೇ ಗಂಟೆಗಳಲ್ಲಿ ಕೆಂಪಾಗಿ ಉರಿಯತೊಡಗುತ್ತದೆ.

'ಸ್ಟೋಮಾದ ಗಾತ್ರಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚಿಗೆ ಕತ್ತರಿಸಿ' ಎಂಬ ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಮನೆಯಲ್ಲಿ ಮಿಲಿಮೀಟರ್ ನೋಡಿ ಕತ್ತರಿಸುವ ರೂಢಿ ಯಾರಿಗೂ ಇಲ್ಲ. ಇಲ್ಲಿ ವಾಕ್ಯವನ್ನು ತಿದ್ದುವುದಕ್ಕಿಂತ ಕಾಗದದ ಅಚ್ಚೊಂದನ್ನು ಕೊಡುವುದು ಒಳ್ಳೆಯದು. ಸಿಸ್ಟರ್ ಅಳೆದು ದಪ್ಪ ಕಾಗದದಲ್ಲಿ ತೂತು ಕತ್ತರಿಸಿ ಕೊಡುತ್ತಾರೆ. ಮನೆಯವರು ಅದನ್ನು ಪ್ಲೇಟಿನ ಹಿಂಬದಿಯ ಕಾಗದದ ಮೇಲಿಟ್ಟು ಪೆನ್ನಿನಿಂದ ಗೆರೆ ಎಳೆದು ಕತ್ತರಿಸುತ್ತಾರೆ. ಇದರಲ್ಲಿ ಒಂದು ತೊಡಕಿದೆ. ಸ್ಟೋಮಾ ಪೂರ್ತಿ ದುಂಡಗಿಲ್ಲದಿದ್ದರೆ ಅಚ್ಚನ್ನು ಮಗುಚಿ ಇಟ್ಟಾಗ ತೂತು ಎಡಬಲ ಅದಲುಬದಲಾಗುತ್ತದೆ. ಪ್ಲೇಟಿನ ಹಿಂಬದಿ ಮೈಗೆ ತಾಗುವ ಕಡೆ, ಆದ್ದರಿಂದ ಅಚ್ಚಿನಲ್ಲೂ ಮೈಗೆ ತಾಗುವ ಕಡೆಯೇ ಮೇಲೆ ಕಾಣುವಂತೆ ಇಡಬೇಕು. ಆ ಬದಿಗೆ 'ಮೈ ಕಡೆ' ಎಂದೂ ಎದೆಯ ದಿಕ್ಕಿನ ಅಂಚಿಗೆ 'ಮೇಲೆ' ಎಂದೂ ಬರೆದುಕೊಟ್ಟರೆ ಗೊಂದಲ ಉಳಿಯುವುದಿಲ್ಲ. ಅಚ್ಚಿನ ಮೇಲೆ ತಾರೀಖನ್ನೂ ಬರೆಯಬೇಕು. ಆಪರೇಷನ್ ಆದ ಮೊದಲ ಆರರಿಂದ ಎಂಟು ವಾರ ಸ್ಟೋಮಾದ ಊತ ಇಳಿದು ಅದು ಸಣ್ಣದಾಗುತ್ತಾ ಹೋಗುತ್ತದೆ. ಮೊದಲ ವಾರದ ಅಚ್ಚನ್ನೇ ಎರಡನೇ ತಿಂಗಳಲ್ಲೂ ಬಳಸಿದರೆ ಸೋರಿಕೆ ಶುರುವಾಗುತ್ತದೆ. 'ಈ ಅಚ್ಚು ಒಂದು ವಾರಕ್ಕೆ ಮಾತ್ರ, ಆಮೇಲೆ ಮತ್ತೆ ಅಳೆಯಿರಿ' ಎಂದು ಅಚ್ಚಿನ ಮೇಲೆಯೇ ಇದ್ದರೆ ಹಾಳೆ ಕಳೆದರೂ ಮಾತು ಉಳಿಯುತ್ತದೆ.

ಬಟ್ಟೆಯ ವಿಷಯ ಸಣ್ಣದು, ಆದರೂ ಹೇಳಬೇಕು. ಮೂಲದಲ್ಲಿ 'ಸಡಿಲ ಉಡುಪು' ಎಂದಿರುತ್ತದೆ. ನಮ್ಮಲ್ಲಿ ಪ್ಲೇಟಿನ ಮೇಲೆ ಒತ್ತುವುದು ಲಂಗದ ಲಾಡಿ, ಪಂಚೆಯ ಕಟ್ಟು, ಗಂಡಸರ ಉಡಿದಾರ. ಆ ಹೆಸರುಗಳನ್ನೇ ಬರೆಯಬೇಕು. 'ಭಾರ ಎತ್ತಬೇಡಿ' ಎನ್ನುವ ಕಡೆ ತುಂಬಿದ ಕೊಡ ಎಂದು ಸೇರಿಸಬೇಕು.

ಈ ಹಾಳೆಯಲ್ಲಿ ಎಲ್ಲಕ್ಕಿಂತ ಎಚ್ಚರದಿಂದ ಬರೆಯಬೇಕಾದ ಸಾಲು ಕುಡಿಯುವುದರ ಬಗ್ಗೆ ಇರುವಂಥದ್ದು. 'ದ್ರವಪದಾರ್ಥಗಳನ್ನು ಧಾರಾಳವಾಗಿ ಸೇವಿಸಿ' ಎಂದು ಬರೆದರೆ ಓದುವವರಿಗೆ ತಿಳಿಯುವುದು 'ಚೆನ್ನಾಗಿ ನೀರು ಕುಡಿಯಿರಿ' ಎಂದು. ಇಲಿಯಾಸ್ಟಮಿ ಇರುವವರಿಗೆ, ಅದೂ ಬ್ಯಾಗಿಗೆ ಹೆಚ್ಚು ಸುರಿಯುತ್ತಿರುವಾಗ, ಈ ಸಲಹೆ ಕೆಡುಕು ಮಾಡಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಯಚೂರು ಕಡೆಯ ಐವತ್ತೈದರ ರೈತ ಹೆಂಗಸು, ಏಪ್ರಿಲಿನಲ್ಲಿ ಮನೆಗೆ ಬಂದಿದ್ದಾರೆ. ಸಾಮಾನ್ಯ ದಿನಗಳಲ್ಲಿ ಇಲಿಯಾಸ್ಟಮಿಯಿಂದ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಅಂಬಲಿಯ ಹದದಲ್ಲಿ ಬರಬೇಕು. ಇವರಿಗೆ ನೀರಿನಂತೆ ಎರಡು ಲೀಟರ್ ಬರುತ್ತಿದೆ. ಬಾಯಾರಿಕೆ ತಡೆಯದೆ ಬಿಂದಿಗೆಯ ನೀರು ಕುಡಿಯುತ್ತಾರೆ. ತಂಪಾಗಲೆಂದು ಮಗ ಎಳನೀರು ತರುತ್ತಾನೆ. ಕುಡಿದಷ್ಟೂ ಬ್ಯಾಗ್ ಬೇಗ ತುಂಬುತ್ತದೆ. ಮೂತ್ರ ಕಡಿಮೆಯಾಗಿ ಕಡು ಹಳದಿಯಾಗುತ್ತದೆ, ಮೀನಖಂಡ ಸೆಳೆಯುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಇನ್ನೊಂದು ದಿನ ಬಿಟ್ಟರೆ ಕಿಡ್ನಿಗೆ ಪೆಟ್ಟು.

ಉಪ್ಪನ್ನೂ ಉಳಿದ ನೀರನ್ನೂ ಹೀರಿಕೊಳ್ಳುವ ದೊಡ್ಡಕರುಳು ಈಗ ದಾರಿಯಲ್ಲಿ ಇಲ್ಲ. ಉಪ್ಪಿಲ್ಲದ ಬರೀ ನೀರು ಸಣ್ಣಕರುಳಿಗೆ ಹೋದಾಗ ಮೈಯೊಳಗಿನ ಸೋಡಿಯಂ ಕರುಳಿನ ಗೋಡೆಯಿಂದ ಆ ನೀರಿಗೆ ಇಳಿಯುತ್ತದೆ, ಎರಡೂ ಸೇರಿ ಬ್ಯಾಗಿಗೆ ಹೋಗುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹೋದ ಉಪ್ಪನ್ನು ಅದು ತುಂಬಿಕೊಡುವುದಿಲ್ಲ. ಉಪ್ಪು ಮತ್ತು ಗ್ಲೂಕೋಸ್ ಸರಿಯಾದ ಅಳತೆಯಲ್ಲಿ ಕೂಡಿದಾಗ ಸಣ್ಣಕರುಳು ನೀರನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹಾಗೆ.

ಹಾಗಾಗಿ ಆ ಸಾಲು ಕನ್ನಡದಲ್ಲಿ ಹೀಗೆ ಬಿಚ್ಚಿಕೊಳ್ಳಬೇಕು: 'ಬ್ಯಾಗಿನಿಂದ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಬಂದರೆ ಆಸ್ಪತ್ರೆಗೆ ಫೋನ್ ಮಾಡಿ. ಬಾಯಾರಿದರೆ ಬರೀ ನೀರು, ಎಳನೀರು, ಚಹಾ, ಜ್ಯೂಸನ್ನು ಹೆಚ್ಚು ಕುಡಿಯಬೇಡಿ. ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಯಿರಿ.' ದಿನಕ್ಕೆ ಯಾವುದು ಎಷ್ಟು ಎಂಬುದಕ್ಕೆ ಖಾಲಿ ಜಾಗ ಬಿಟ್ಟು ಡಾಕ್ಟರ್ ಕೈಯಿಂದಲೇ ಬರೆಸಬೇಕು, ಏಕೆಂದರೆ ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಲೆಕ್ಕ ಬೇರೆ. ಅಳತೆಗೆ ಗೆರೆ ಹಾಕಿದ ಹಳೆಯ ಪ್ಲಾಸ್ಟಿಕ್ ಜಗ್ ಒಂದನ್ನು ಬ್ಯಾಗಿಗೆಂದೇ ಬೇರೆ ಇಡಬೇಕು. 'ಜಾಸ್ತಿ ಬರ್ತಿದೆ' ಎಂಬುದಕ್ಕೂ 'ನಿನ್ನೆಯಿಂದ ಎರಡು ಲೀಟರ್ ಬಂತು' ಎಂಬುದಕ್ಕೂ ಫೋನಿನಲ್ಲಿ ಬಹಳ ವ್ಯತ್ಯಾಸ.

ಪೊಟ್ಟಣದಲ್ಲೂ ಒಂದು ಎಡವಟ್ಟಿದೆ. ಅಂಗಡಿಯಲ್ಲಿ ಒಂದು ಲೀಟರಿಗೆ ಕಲಸುವ ದೊಡ್ಡ ಪೊಟ್ಟಣವೂ 200 ಮಿಲಿಲೀಟರಿಗೆ ಕಲಸುವ ಸಣ್ಣದೂ ಸಿಗುತ್ತವೆ. 'ಒಂದು ಪೊಟ್ಟಣವನ್ನು ನೀರಿನಲ್ಲಿ ಕಲಸಿ' ಎಂದು ಬರೆದರೆ ಸಣ್ಣ ಪೊಟ್ಟಣವನ್ನು ಲೀಟರ್ ನೀರಿಗೆ ಹಾಕಿ ತೆಳ್ಳಗೆ ಮಾಡುವುದು ಸುಲಭ. ಮನೆಯಲ್ಲೇ ಮಾಡಿಕೊಳ್ಳಿ ಎಂದು ಬರೆಯುವುದಾದರೆ 'ಚಮಚ' ಎಂದು ಬಿಡುವ ಹಾಗಿಲ್ಲ. ಟೀ ಚಮಚ 5 ಮಿಲಿಲೀಟರ್, ದೊಡ್ಡದು 15. ಉಪ್ಪಿನಲ್ಲಿ ಅದು ಮೂರು ಪಟ್ಟಿನ ತಪ್ಪು. ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪೇಯಗಳೂ ಮಾರುಕಟ್ಟೆಯಲ್ಲಿದ್ದವು. ಆ ಹೆಸರನ್ನು ಪೇಯಗಳ ಮೇಲೆ ಹಾಕಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. 'ಔಷಧಿ ಅಂಗಡಿಯಲ್ಲಿ ಪುಡಿ ರೂಪದ ಓಆರ್‌ಎಸ್ ಕೇಳಿ' ಎಂಬ ಮಾತು ಹಾಳೆಯಲ್ಲಿದ್ದರೆ ಒಳ್ಳೆಯದು.

ಕನ್ನಡ ಹಾಳೆ ಸಿದ್ಧವಾದ ಮೇಲೆ ಅದನ್ನು ಬೇರೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ಮೂಲಕ್ಕೆ ಹೋಲಿಸುವುದು ರೂಢಿ. ಅದರಿಂದ ಬಿಟ್ಟುಹೋದ ವಾಕ್ಯ ಸಿಗುತ್ತದೆ. 'ತೆಗೆಯಿರಿ'ಯ ತೊಂದರೆ ಸಿಗುವುದು ಕಷ್ಟ. ಅದಕ್ಕೆ ವಾರ್ಡಿನಲ್ಲೇ ಪರೀಕ್ಷೆ ಆಗಬೇಕು. 'ಅರ್ಥ ಆಯ್ತಾ?' ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಸಿಸ್ಟರ್ ಹೀಗೆ ಕೇಳಬೇಕು: "ಅಮ್ಮಾ, ನಾಳೆ ಬೆಳಗ್ಗೆ ಬ್ಯಾಗ್ ಅರ್ಧ ಆಗ್ಯದ ಅಂತ ತಿಳ್ಕೋರಿ. ಏನ್ ಮಾಡ್ತೀರಿ, ಮಾಡಿ ತೋರಸ್ರಿ." ಅಮ್ಮನ ಕೈ ಕ್ಲಿಪ್ಪಿನ ಕಡೆ ಹೋಯಿತೋ ಪ್ಲೇಟಿನ ಅಂಚಿಗೆ ಹೋಯಿತೋ ನೋಡಬೇಕು. "ರಾತ್ರಿ ಬಾಳ ನೀರಡಿಕಿ ಆಯ್ತು, ಬ್ಯಾಗೂ ಮತ್ತ ಮತ್ತ ತುಂಬಾಕತ್ತದ. ಏನು ಕುಡೀತೀರಿ?" "ಎಳನೀರು ಕುಡೀತೀನ್ರೀ ಸಿಸ್ಟರ್" ಎಂದು ಉತ್ತರ ಬಂದರೆ ತಿದ್ದಬೇಕಾದದ್ದು ಹಾಳೆಯನ್ನು. ಬೆಂಗಳೂರಿನಲ್ಲಿ ಬರೆದ ಹಾಳೆಯನ್ನು ಕಲಬುರಗಿಯಿಂದ ಬಂದವರೂ ಉಡುಪಿಯಿಂದ ಬಂದವರೂ ಹೀಗೆ ಮಾಡಿ ತೋರಿಸಿದ ಮೇಲೆಯೇ ಅಚ್ಚಿಗೆ ಕೊಡಬೇಕು. ಓದಲು ಬಾರದವರಿಗೆ ಸಿಸ್ಟರ್ ಅದನ್ನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಡಬಹುದು.

ಹಾಳೆಯ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಇಲಿಯಾಸ್ಟಮಿ ಇರುವವರಿಗೆ ಮಾತ್ರ' ಎಂದಿರಬೇಕು. ದೊಡ್ಡಕರುಳಿನ ಕೊನೆಯನ್ನು ಎಡಗಡೆ ಹೊರತಂದ ಕೊಲಾಸ್ಟಮಿಯವರಿಗೂ ಇದೇ ವಾರ್ಡಿನಲ್ಲಿ ಇಂಥದೇ ಬ್ಯಾಗ್ ಹಾಕಿರುತ್ತಾರೆ. ಅವರ ಮಲ ಗಟ್ಟಿ, ಅವರಿಗೆ ಮಲಬದ್ಧತೆಯಾದರೆ ನೀರು ಹೆಚ್ಚು ಕುಡಿಯಬೇಕಾಗುತ್ತದೆ. ಆರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾದರೆ ಇಲಿಯಾಸ್ಟಮಿಯವರು ಆಸ್ಪತ್ರೆಗೆ ಓಡಬೇಕು. ಕೊಲಾಸ್ಟಮಿಯವರಿಗೆ ಅಷ್ಟು ಹೊತ್ತು ಏನೂ ಬಾರದಿರುವುದು ದಿನನಿತ್ಯದ ಮಾತು. ಎರಡು ಹಾಳೆಗೆ ಎರಡು ಬಣ್ಣದ ಕಾಗದ ಬಳಸಿದರೆ ಡಿಸ್ಚಾರ್ಜಿನ ಗಡಿಬಿಡಿಯಲ್ಲೂ ಒಬ್ಬರದು ಇನ್ನೊಬ್ಬರ ಕೈಗೆ ಹೋಗುವುದಿಲ್ಲ.