ಪುಡಿಯ ದರ ಏರಿದಾಗ ಬರೆಯುವ ಕಾಗದ

2024-25ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ಕಾಫಿ ಬೀಜದ ಬೆಲೆ ದಾಖಲೆ ಮುಟ್ಟಿತು. ಅದರ ಬಿಸಿ ನಮ್ಮೂರ ಕಾಫಿಪುಡಿ ಅಂಗಡಿಗಳಿಗೂ ತಟ್ಟಿತು. ಅಂಥ ಹೊತ್ತಿನಲ್ಲಿ ಅಂಗಡಿಯವರ ಮುಂದೆ ಒಂದು ಸುಲಭದ ದಾರಿ ಇರುತ್ತದೆ: ದರ ಹಾಗೇ ಇಟ್ಟು ಚಿಕೋರಿ ಹೆಚ್ಚಿಸುವುದು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಆಗದಿದ್ದರೆ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿದ್ದರೆ ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಒಂದೇ ಹದದ ಡಿಕಾಕ್ಷನ್ ಕುಡಿದ ನಾಲಿಗೆಗೆ ವ್ಯತ್ಯಾಸ ಮೊದಲ ಗುಟುಕಿನಲ್ಲೇ ತಿಳಿಯುತ್ತದೆ. ದರ ಏರಿಸಿ ಕಾಗದ ಬರೆಯುವುದೇ ಸರಿ.

ಬರೆಯುವ ಮೊದಲು ಲೆಕ್ಕ ಮುಗಿದಿರಬೇಕು. ಉದಾಹರಣೆಗೆ, ಕಿಲೋಗೆ 600 ರೂಪಾಯಿಯ, 80:20 ಪುಡಿ ಎಂದುಕೊಳ್ಳಿ. ಒಂದು ಕಿಲೋದಲ್ಲಿ 800 ಗ್ರಾಂ ಕಾಫಿ. ಹುರಿಯುವಾಗ ಬೀಜದ ತೂಕ ಐದನೇ ಒಂದು ಭಾಗದಷ್ಟು ಇಳಿದರೆ, ಆ 800 ಗ್ರಾಂಗೆ ಒಂದು ಕಿಲೋ ಹಸಿ ಬೀಜ ಬೇಕು. ಬೀಜಕ್ಕೆ ಕಿಲೋಗೆ 100 ರೂಪಾಯಿ ಏರಿದರೆ ಪುಡಿಗೂ ಅಷ್ಟೇ ಏರುತ್ತದೆ. ಇದೇ ನೆಪದಲ್ಲಿ 130 ಏರಿಸಿ ಎಲ್ಲವನ್ನೂ ಬೀಜದ ತಲೆಗೆ ಕಟ್ಟಿದರೆ ಅದು ಸುಳ್ಳು. ಉಳಿದ 30 ಕೂಲಿಗೆ ಬೇಕಾಗಿದ್ದರೆ ಕೂಲಿಗೆ ಎಂದೇ ಬರೆಯಿರಿ. ಕೆಲಸದವರ ಸಂಬಳ ಹೆಚ್ಚಿಸಿದ್ದನ್ನು ಮುಚ್ಚಿಡುವ ಅಗತ್ಯವೇ ಇಲ್ಲ.

ಕಾಗದ ಹೀಗಿರಬಹುದು:

“ನಮಸ್ಕಾರ. ಮುಂದಿನ ತಿಂಗಳ 1ರಿಂದ ನಮ್ಮ 80:20 ಪುಡಿಯ ದರ ಕಿಲೋಗೆ 600ರಿಂದ 700 ರೂಪಾಯಿ ಆಗುತ್ತದೆ. ತಿಂಗಳಿಗೆ ಅರ್ಧ ಕಿಲೋ ಒಯ್ಯುವ ಮನೆಗೆ 50 ರೂಪಾಯಿ ಹೆಚ್ಚು. ನಾವು ಕೊಳ್ಳುವ ಬೀಜದ ಬೆಲೆ ಕಿಲೋಗೆ 100 ರೂಪಾಯಿ ಏರಿದೆ. ಮಿಶ್ರಣ ಬದಲಿಸಿಲ್ಲ. ಮುಂಗಡ ಕೊಟ್ಟವರಿಗೆ ಆ ಹಣ ತೀರುವವರೆಗೆ ಹಳೆಯ ದರವೇ. ಖರ್ಚು ಹೆಚ್ಚೆನಿಸಿದರೆ 60:40 ಪುಡಿಯೂ ಇದೆ. ರುಚಿ ಬೇರೆ, ಮೊದಲು 100 ಗ್ರಾಂ ಒಯ್ದು ನೋಡಿ.”

ಮೊತ್ತ ಮತ್ತು ತಾರೀಖು ಮೊದಲ ಸಾಲಿನಲ್ಲೇ ಬಂದಿದೆ. ಕುಶಲ ವಿಚಾರಿಸಿ, ಅಂಗಡಿಯ ಇತಿಹಾಸ ಹೇಳಿ, ಕೊನೆಗೆ ದರ ಬಿಚ್ಚಿಟ್ಟರೆ ಓದುವವರಿಗೆ ಏನನ್ನೋ ಅಡಗಿಸಿದಂತೆ ಅನಿಸುತ್ತದೆ. ‘ಇನ್ನೂ ಉತ್ತಮ ಸೇವೆಗಾಗಿ’ ಎಂಬ ಮಾತಂತೂ ಬೇಡ, ಸೇವೆ ಬದಲಾಗಿಲ್ಲವಲ್ಲ. ಶೇಕಡಾ ಲೆಕ್ಕಕ್ಕಿಂತ ಮನೆಯ ತಿಂಗಳ ಖರ್ಚಿನ ಲೆಕ್ಕವೇ ಗಿರಾಕಿಗೆ ಬೇಕಾದದ್ದು.

‘ಈಗಲೇ ಹಳೆಯ ದರದಲ್ಲಿ ಹೆಚ್ಚು ಕೊಂಡಿಡಿ’ ಎಂದು ಬರೆಯಬೇಕೆನಿಸುತ್ತದೆ. ಅರೆದ ಪುಡಿಯ ಘಮ ಕೆಲವೇ ವಾರಗಳಲ್ಲಿ ಹಾರಿಹೋಗುವುದರಿಂದ ಅದು ಗಿರಾಕಿಗೆ ನಷ್ಟದ ಸಲಹೆ. ಬೀಜ ಅಗ್ಗವಾದಾಗ ಇಳಿಸುತ್ತೇವೆ ಎಂಬ ಮಾತನ್ನೂ ನಿಜವಾಗಿ ಇಳಿಸುವವರು ಮಾತ್ರ ಬರೆಯಲಿ.

ಕಾಗದ ಮನೆಮನೆಗೆ ಹೋಗುವ ಮೊದಲು ತಕ್ಕಡಿ ಹಿಡಿಯುವ ಹುಡುಗನಿಗೆ ಓದಿ ಹೇಳಿ. ‘ಯಾಕಪ್ಪಾ ಇಷ್ಟು?’ ಎಂಬ ಪ್ರಶ್ನೆ ಮೊದಲು ಬರುವುದು ಅವನಿಗೇ.