ಮೂರಕ್ಷರ ಒತ್ತಿದರೆ ಮನವಿಪತ್ರದ ಮೊದಲ ಸಾಲು

"ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ..." ತಹಶೀಲ್ದಾರರಿಗೆ ಬರೆಯಲಿ, ಹೆಡ್‌ಮಾಸ್ಟರಿಗೆ ಬರೆಯಲಿ, ಕನ್ನಡದ ಮನವಿಪತ್ರ ಶುರುವಾಗುವುದು ಸಾಮಾನ್ಯವಾಗಿ ಹೀಗೆಯೇ. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯಲ್ಲಿ ಕೂತವರು ಬೆಳಗಿನಿಂದ ಸಂಜೆಯವರೆಗೆ ಇದನ್ನೇ ಕುಟ್ಟುತ್ತಿರುತ್ತಾರೆ. ಹಳೆಯ ಫೈಲ್ ತೆರೆದು ತಿದ್ದಿಕೊಳ್ಳುವವರೂ ಇದ್ದಾರೆ. ಹೋದ ವಾರದ ಅರ್ಜಿದಾರನ ಹೆಸರು ಈ ವಾರದ ಅರ್ಜಿಯಲ್ಲಿ ಉಳಿದುಬಿಡುವುದು ಆ ದಾರಿಯಲ್ಲೇ.

ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶ 2003ರಿಂದ ಇದೆ. ವಿಂಡೋಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೆ ಒಂದು ಸಾಲಿನ ಸೂಚನೆ ಬರೆದಿಟ್ಟರೆ ಸಾಕು, `qma` ಎಂದು ಒತ್ತಿ ಸ್ಪೇಸ್ ಕೊಟ್ಟ ಕೂಡಲೇ ಆ ಮೂರು ಅಕ್ಷರ ಅಳಿಸಿಹೋಗಿ ಮೇಲಿನ ಇಡೀ ಸಾಲು ಬಂದು ಕೂರುತ್ತದೆ. ವರ್ಡ್‌ನ ಆಟೋಕರೆಕ್ಟ್ ಕೂಡ ಇಂಥದ್ದನ್ನು ಮಾಡುತ್ತದೆ ನಿಜ, ಆದರೆ ಅದರ ಆಟ ಆಫೀಸ್ ತಂತ್ರಾಂಶಗಳ ಒಳಗಷ್ಟೇ. ಇದು ನೋಟ್‌ಪ್ಯಾಡಿನಲ್ಲೂ ನಡೆಯುತ್ತದೆ, ಜಿಮೇಲ್‌ನಲ್ಲೂ, ಸರ್ಕಾರಿ ವೆಬ್‌ಸೈಟಿನ ಅರ್ಜಿ ನಮೂನೆಯಲ್ಲೂ.

ಎಲ್ಲ ಕಡೆ ನಡೆಯಲು ಕಾರಣ ಸರಳ. ಆಟೋಹಾಟ್‌ಕೀಗೆ ನೀವು ಯಾವ ತಂತ್ರಾಂಶದಲ್ಲಿ ಬರೆಯುತ್ತಿದ್ದೀರಿ ಎಂಬುದೇ ಬೇಕಿಲ್ಲ. ಅದು ಕೂತಿರುವುದು ಕೀಲಿಮಣೆಗೂ ತಂತ್ರಾಂಶಕ್ಕೂ ನಡುವೆ. ನೀವು ಒತ್ತಿದ ಕೊನೆಯ ಕೆಲವು ಅಕ್ಷರಗಳನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಅವು ಪಟ್ಟಿಯಲ್ಲಿರುವ ಸಂಕ್ಷೇಪಕ್ಕೆ ಹೊಂದಿ, ಮೇಲೊಂದು ಸ್ಪೇಸ್, ಎಂಟರ್, ಅಲ್ಪವಿರಾಮ ಅಥವಾ ಚುಕ್ಕಿ ಬಿದ್ದರೆ, ಸಂಕ್ಷೇಪದ ಉದ್ದಕ್ಕೆ ತಕ್ಕಷ್ಟು ಬ್ಯಾಕ್‌ಸ್ಪೇಸ್ ತಾನೇ ಒತ್ತಿ, ಪೂರ್ತಿ ವಾಕ್ಯವನ್ನು ತಾನೇ ಟೈಪ್ ಮಾಡುತ್ತದೆ. ತಂತ್ರಾಂಶದ ಪಾಲಿಗೆ ಯಾರೋ ಮಹಾ ವೇಗದಲ್ಲಿ ಟೈಪ್ ಮಾಡಿದಂತೆ, ಅಷ್ಟೆ. ನಡುವೆ ಮೌಸ್ ಕ್ಲಿಕ್ ಮಾಡಿದರೆ ಅಥವಾ ಬಾಣದ ಕೀಲಿ ಒತ್ತಿದರೆ ಆ ನೆನಪು ಅಳಿಸಿಹೋಗುತ್ತದೆ. `qm` ಒತ್ತಿ, ಬೇರೆಲ್ಲೋ ಕ್ಲಿಕ್ ಮಾಡಿ, ವಾಪಸ್ ಬಂದು `a` ಸೇರಿಸಿದರೆ ಏನೂ ಆಗದಿರುವುದು ಅದಕ್ಕೇ.

ಈಗ ಸ್ಕ್ರಿಪ್ಟ್ ನೋಡೋಣ. autohotkey.com ತಾಣದಿಂದ ಎರಡನೇ ಆವೃತ್ತಿಯನ್ನು ಹಾಕಿಕೊಂಡು, ನೋಟ್‌ಪ್ಯಾಡಿನಲ್ಲಿ ಇಷ್ಟು ಬರೆದು, `manavi.ahk` ಎಂಬ ಹೆಸರಿನಲ್ಲಿ ಉಳಿಸಿ:

```
#Requires AutoHotkey v2.0
#SingleInstance Force

:T:qma::ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ,
:X:qdt::Send FormatTime(, "dd-MM-yyyy")
:T:qvn::
(
ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ
)
```

ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆಗಳು ಬರುತ್ತವೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಗಡಿಯಾರದ ಪಕ್ಕ ಹಸಿರು ಬಣ್ಣದ H ಚಿತ್ರ ಕಾಣುತ್ತದೆ. ಅದು ಇರುವವರೆಗೆ ಸ್ಕ್ರಿಪ್ಟ್ ಚಾಲ್ತಿಯಲ್ಲಿದೆ ಎಂದರ್ಥ. ಎರಡೆರಡು ಕೋಲನ್ ನಡುವಿನದು ಸಂಕ್ಷೇಪ, ಆಮೇಲಿನದು ಅದರ ಬದಲಿಗೆ ಬರಬೇಕಾದದ್ದು. `qdt` ಒತ್ತಿದರೆ ಅಂದಂದಿನ ದಿನಾಂಕ ಬರುತ್ತದೆ. `qvn` ಎರಡು ಸಾಲಿನ ಮುಕ್ತಾಯ. ಎಲ್ಲ ಸಂಕ್ಷೇಪಕ್ಕೂ ಮೊದಲು `q` ಇಟ್ಟಿದ್ದಕ್ಕೆ ಕಾರಣವಿದೆ: ಇಂಗ್ಲಿಷಿನಲ್ಲಿ q ಬಂದರೆ ಹಿಂದೆಯೇ u ಬರುವುದು ವಾಡಿಕೆ, ಹಾಗಾಗಿ ಮಾಮೂಲಿ ಪದ ಬರೆಯುವಾಗ ಸಂಕ್ಷೇಪ ಅಕಸ್ಮಾತ್ತಾಗಿ ಬಿಚ್ಚಿಕೊಳ್ಳುವುದಿಲ್ಲ. `add` ಎಂದು ಇಟ್ಟುಕೊಂಡವರು ಆ ಪದ ಬೇಕೆಂದಾಗಲೆಲ್ಲ ವಿಳಾಸ ಅಳಿಸುತ್ತ ಕೂರಬೇಕು.

ಆ `T` ಅಕ್ಷರವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಪೆಟ್ಟು ಬೀಳುವುದು ಅಲ್ಲೇ. ಬೆಂಗಳೂರಿನ ವಿಳಾಸವನ್ನೇ ತೆಗೆದುಕೊಳ್ಳಿ. ಮನೆ ನಂಬರಿಗೆ ಮುಂಚೆ # ಹಾಕುವುದು ಇಲ್ಲಿನ ರೂಢಿ.

```
::qad::#45, 2ನೇ ಅಡ್ಡರಸ್ತೆ
```

ಹೀಗೆ ಬರೆದು `qad` ಒತ್ತಿ ನೋಡಿ. ವಿಳಾಸ ಬರುವ ಮೊದಲೇ ಟಾಸ್ಕ್‌ಬಾರಿನ ನಾಲ್ಕನೇ ತಂತ್ರಾಂಶ ಎದ್ದು ಕೂರುತ್ತದೆ! ಆಟೋಹಾಟ್‌ಕೀಯ ಭಾಷೆಯಲ್ಲಿ # ಎಂದರೆ ವಿಂಡೋಸ್ ಕೀಲಿ. `#4` ಎಂದು ಓದಿದ ಅದು ವಿಂಡೋಸ್ ಕೀಲಿ ಮತ್ತು 4 ಅನ್ನು ಒಟ್ಟಿಗೆ ಒತ್ತುತ್ತದೆ, ಉಳಿದ ವಿಳಾಸ ಹೊಸದಾಗಿ ತೆರೆದ ಕಿಟಕಿಗೆ ಹೋಗಿ ಬೀಳಬಹುದು. ಮೊಬೈಲ್ ನಂಬರಿನ ಮುಂದಿನ `+91` ಇನ್ನೂ ವಿಚಿತ್ರ. + ಎಂದರೆ ಶಿಫ್ಟ್, ಶಿಫ್ಟ್ ಜೊತೆ 9 ಎಂದರೆ ಎಡ ಆವರಣ ಚಿಹ್ನೆ, ಹಾಗಾಗಿ ಪರದೆಯ ಮೇಲೆ `(1` ಎಂದು ಬರುತ್ತದೆ. ಉದ್ಗಾರ ಚಿಹ್ನೆ ಆಲ್ಟ್ ಕೀಲಿಯಾಗುತ್ತದೆ, ^ ಕಂಟ್ರೋಲ್ ಕೀಲಿಯಾಗುತ್ತದೆ. "ಧನ್ಯವಾದ! ಇಂತಿ" ಎಂದು ಬರೆದದ್ದಕ್ಕೆ ಮೆನು ತೆರೆದುಕೊಂಡರೆ ಕಂಪ್ಯೂಟರಿಗೆ ವೈರಸ್ ಬಡಿದಿಲ್ಲ. ಮೊದಲ ಎರಡು ಕೋಲನ್ ನಡುವೆ `T` ಸೇರಿಸಿ `:T:qad::` ಎಂದು ಮಾಡಿದರೆ ಬರೆದದ್ದು ಬರೆದ ಹಾಗೆಯೇ ಬರುತ್ತದೆ.

ಸಾಲು ಮುರಿದಿರುವ `qvn`ನಂಥವನ್ನು ವಾಟ್ಸಾಪ್ ವೆಬ್‌ನಲ್ಲಿ ಬಳಸುವಾಗ ಹುಷಾರು. ಸಾಲು ಮುರಿಯಲು ಅದು ಒತ್ತುವುದು ಎಂಟರ್ ಕೀಲಿಯನ್ನೇ, ಅಲ್ಲಿ ಎಂಟರ್ ಎಂದರೆ ಸಂದೇಶ ಹೊರಟುಹೋಗುವುದು. "ವಂದನೆಗಳೊಂದಿಗೆ" ಮಾತ್ರ ಹೋಗಿ, ಉಳಿದದ್ದು ಹಿಂದೆ ಬಿದ್ದಿರುತ್ತದೆ.

ಕನ್ನಡದ ತಾಪತ್ರಯ ಬೇರೆಯೇ. ವಿಂಡೋಸ್‌ನ ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಅದೇ ಕೀಲಿಗಳನ್ನು ಒತ್ತಿದರೆ ಹುಟ್ಟುವುದು ಕನ್ನಡದ ಅಕ್ಷರಗಳು, `qma` ಅಲ್ಲವಲ್ಲ, ಹಾಗಾಗಿ ಸ್ಕ್ರಿಪ್ಟ್ ಸುಮ್ಮನಿರುತ್ತದೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬಂದು ಸಂಕ್ಷೇಪ ಕೊಡಬೇಕು. ಬರುವ ವಾಕ್ಯ ಮಾತ್ರ ಕನ್ನಡದ್ದೇ, ಅದಕ್ಕೆ ಕೀಲಿಮಣೆ ಬದಲಿಸುವ ಅಗತ್ಯವಿಲ್ಲ. ನುಡಿ, ಬರಹ ಬಳಸುವವರೂ ಅಷ್ಟೆ, ಅವು ಕೂಡ ಕೀಲಿಗಳನ್ನು ನಡುವೆಯೇ ಹಿಡಿದುಕೊಳ್ಳುವ ತಂತ್ರಾಂಶಗಳು. ಅವುಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರೆ ಜಗಳವಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿರುವ ಕಡತಕ್ಕೆ ಈ ಸಾಲು ಸೇರಿಸಿದರೆ ಅದೊಂದು ಸಾಲು ಬೇರೆ ಫಾಂಟಿನಲ್ಲಿ ಕಾಣುತ್ತದೆ. ಸ್ಕ್ರಿಪ್ಟ್ ಕೊಡುವುದು ಯೂನಿಕೋಡ್ ಕನ್ನಡ, ಆ ಕಡತದಲ್ಲಿರುವುದು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರಗಳು.

ಸ್ಕ್ರಿಪ್ಟ್ ತಿದ್ದಿದ ಮೇಲೆ ಹಸಿರು H ಮೇಲೆ ರೈಟ್ ಕ್ಲಿಕ್ ಮಾಡಿ `Reload Script` ಕೊಡಲೇಬೇಕು, ಇಲ್ಲವಾದರೆ ಹಳೆಯದೇ ನಡೆಯುತ್ತಿರುತ್ತದೆ. ತಿದ್ದುವ ಮುಂಚೆ ಅಲ್ಲೇ `Suspend Hotkeys` ಒತ್ತುವುದು ಒಳ್ಳೆಯದು. ಕೋಲನ್ ಕೂಡ ಸ್ಪೇಸಿನ ಹಾಗೆಯೇ ಸಂಕ್ಷೇಪವನ್ನು ಬಿಚ್ಚಿಸುವ ಚಿಹ್ನೆ, ಹಾಗಾಗಿ ಫೈಲಿನೊಳಗೆ `::qma::` ಎಂದು ಮತ್ತೆ ಬರೆಯಹೊರಟರೆ ಅದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗಲೇ ಸ್ಕ್ರಿಪ್ಟ್ ಶುರುವಾಗಬೇಕಿದ್ದರೆ ವಿಂಡೋಸ್ ಕೀಲಿ ಮತ್ತು R ಒತ್ತಿ `shell:startup` ಎಂದು ಕೊಟ್ಟು, ತೆರೆಯುವ ಫೋಲ್ಡರಿನಲ್ಲಿ ಫೈಲಿನ ಶಾರ್ಟ್‌ಕಟ್ ಇಡಿ.

ಎಲ್ಲ ಕಡೆ ಚೆನ್ನಾಗಿ ನಡೆದು ಒಂದೇ ಒಂದು ತಂತ್ರಾಂಶದಲ್ಲಿ ಮಾತ್ರ ಏನೂ ಆಗದಿದ್ದರೆ, ಅದು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುತ್ತಿದೆಯೇ ನೋಡಿ. ಅಂಥ ಕಿಟಕಿಗೆ ಸಾಮಾನ್ಯ ಸ್ಕ್ರಿಪ್ಟ್ ಕೀಲಿ ಕಳಿಸುವುದನ್ನು ವಿಂಡೋಸ್ ತಡೆಯುತ್ತದೆ. ಸ್ಕ್ರಿಪ್ಟನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕಾಗುತ್ತದೆ. ಪಾಸ್‌ವರ್ಡಿಗೂ ಒಂದು ಸಂಕ್ಷೇಪ ಮಾಡಿಕೊಳ್ಳುವ ಆಸೆ ಯಾರಿಗಾದರೂ ಬಂದೀತು. `.ahk` ಫೈಲ್ ಬರೀ ಪಠ್ಯ, ಅಂಗಡಿಗೆ ಬಂದವರು ಯಾರಾದರೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಪೂರ್ತಿ ಓದಬಹುದು. ಪಾಸ್‌ವರ್ಡನ್ನು ಕೈಯಲ್ಲೇ ಒತ್ತಿ.